ಚಹಾ ಕಹಿಯಾಗುವುದೇಕೆ, ಸಪ್ಪೆಯಾಗುವುದೇಕೆ? – ಎರಡು ಪದ್ಧತಿಗಳ ಇತಿಹಾಸ

ಈಚೆಗೆ ಒಂದೇ ವಾರದಲ್ಲಿ ನನಗೆ ಚಹಾದ ಬಗ್ಗೆ ಎರಡು ದೂರುಗಳು ಬಂದವು. ಹೊರದೇಶದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬ ಹೀಗೆ ಬರೆದಿದ್ದ: "ಮೇಷ್ಟ್ರೇ, ಊರಿನಿಂದ ತಂದ ಚಹಾಪುಡಿಯನ್ನೇ ಇಲ್ಲಿನವರ ಹಾಗೆ ಬಿಸಿನೀರಿನಲ್ಲಿ ಒಂದು ನಿಮಿಷ ನೆನೆಸಿ, ಮೇಲೆ ಹಾಲು ಸುರಿದುಕೊಂಡು ಕುಡಿಯುತ್ತೇನೆ. ಬಣ್ಣವೇನೋ ಇರುತ್ತದೆ, ರುಚಿ ಮಾತ್ರ ಸಪ್ಪೆ." ನನ್ನ ತಂಗಿಯ ಮಗಳ ದೂರು ಇದಕ್ಕೆ ತದ್ವಿರುದ್ಧವಾದದ್ದು. ಯಾರೋ ಡಾರ್ಜಿಲಿಂಗ್ ಎಲೆಚಹಾದ ಡಬ್ಬಿಯೊಂದನ್ನು ಉಡುಗೊರೆಯಾಗಿ ಕೊಟ್ಟರಂತೆ. ಅವಳು ಎಂದಿನಂತೆ ನೀರು ಹಾಲುಗಳನ್ನು ಬೆರೆಸಿ, ಎಲೆ ಹಾಕಿ, ಐದಾರು ನಿಮಿಷ ಚೆನ್ನಾಗಿ ಕುದಿಸಿದಳಂತೆ. "ಮಾವ, ದುಬಾರಿ ಕಷಾಯ ಕುಡಿದ ಹಾಗಾಯಿತು. ಪರಿಮಳವೂ ಇಲ್ಲ, ಬರೀ ಕಹಿ" ಎಂದಳು.

ಇಬ್ಬರೂ ಚಹಾ ಮಾಡಲು ಬಾರದವರಲ್ಲ. ಇಬ್ಬರೂ ಒಂದೊಂದು ನಿಯಮವನ್ನು ತಪ್ಪದೆ ಪಾಲಿಸಿದ್ದಾರೆ. ಆದರೆ ಒಂದು ಬಗೆಯ ಎಲೆಗಾಗಿ ಹುಟ್ಟಿದ ನಿಯಮವನ್ನು ಮತ್ತೊಂದು ಬಗೆಯ ಎಲೆಗೆ ಅನ್ವಯಿಸಿದ್ದಾರೆ, ಅಷ್ಟೆ. ಈ ಎರಡು ನಿಯಮಗಳು ನಮ್ಮ ದೇಶದಲ್ಲಿ ಹೇಗೆ ಹುಟ್ಟಿದವು, ಹೇಗೆ ಪರಸ್ಪರ ಜಗಳವಾಡಿದವು ಎಂಬುದು ಪಠ್ಯಪುಸ್ತಕಗಳಲ್ಲಿ ಬಾರದ ಇತಿಹಾಸ. ಅದನ್ನು ತಿಳಿದರೆ ಕಹಿಗೂ ಸಪ್ಪೆಗೂ ಕಾರಣ ತಾನಾಗಿಯೇ ಗೋಚರಿಸುತ್ತದೆ.

ಮೊದಲು ಒಂದು ಭಾಷೆಯ ಮಾತು. ಕೆಟ್ಟ ಚಹಾವನ್ನು ನಾವೆಲ್ಲ 'ಕಹಿ' ಎಂದು ಒಂದೇ ಪದದಲ್ಲಿ ಹೇಳಿಬಿಡುತ್ತೇವೆ. ಆದರೆ ನಮ್ಮ ಹಿರಿಯರು ಷಡ್ರಸಗಳನ್ನು ಎಣಿಸುವಾಗ ಕಹಿಯನ್ನೂ ಒಗರನ್ನೂ ಬೇರೆ ಬೇರೆಯಾಗಿಯೇ ಇಟ್ಟರು. ಹಾಗಲಕಾಯಿಯದು ಕಹಿ, ಅಡಕೆಯದು, ಎಳೆಯ ಸೀಬೆಕಾಯಿಯದು ಒಗರು. ಕಹಿಯು ನಾಲಗೆಗೆ ತಿಳಿಯುವ ರುಚಿ. ಒಗರು ಬಾಯಿಯ ಒಳಚರ್ಮವನ್ನೇ ಹಿಡಿದು ಒಣಗಿಸುವ ಒಂದು ಸ್ಪರ್ಶ. ಚಹಾದಲ್ಲಿ ಇವೆರಡೂ ಇವೆ. ಕಹಿಯ ಒಂದು ಪಾಲು ಕೆಫೀನಿನಿಂದ ಬರುತ್ತದೆ. ಒಗರು ಬರುವುದು ಪಾಲಿಫಿನಾಲ್ ಎಂಬ ವರ್ಗದ ದ್ರವ್ಯಗಳಿಂದ; ಹಳೆಯ ಪುಸ್ತಕಗಳು ಇವನ್ನು ಟ್ಯಾನಿನ್ ಎಂದು ಕರೆಯುತ್ತಿದ್ದವು. ಹಾಲು ಒಗರನ್ನು ಬಹುಮಟ್ಟಿಗೆ ತಗ್ಗಿಸಬಲ್ಲುದು, ಕಹಿಯನ್ನು ಅಷ್ಟಾಗಿ ತಗ್ಗಿಸಲಾರದು. ನಿಮ್ಮ ಚಹಾ ಕೆಟ್ಟದ್ದು ಯಾವ ದಾರಿಯಲ್ಲಿ ಎಂದು ತಿಳಿಯಬೇಕಾದರೆ ಈ ಭೇದವನ್ನು ಗಮನಿಸುವುದೇ ಮೊದಲ ಹೆಜ್ಜೆ.

ಇನ್ನು ಇತಿಹಾಸಕ್ಕೆ ಬರೋಣ. ಅಸ್ಸಾಮಿನ ಕಾಡುಗಳಲ್ಲಿ ಚಹಾ ಗಿಡ ತಾನಾಗಿ ಬೆಳೆಯುತ್ತಿದ್ದುದನ್ನು ರಾಬರ್ಟ್ ಬ್ರೂಸ್ ಎಂಬ ಸ್ಕಾಟಿಷ್ ವ್ಯಾಪಾರಿಯು ಸಿಂಗ್ಫೋ ಜನರ ಮೂಲಕ 1823ರಲ್ಲಿ ಅರಿತನು. 1839ರಲ್ಲಿ ಅಸ್ಸಾಮಿನ ಚಹಾ ಮೊದಲ ಬಾರಿಗೆ ಲಂಡನ್ನಿನಲ್ಲಿ ಹರಾಜಾಯಿತು. ಆ ಚಹಾ ನಮಗಾಗಿ ಬೆಳೆದದ್ದಲ್ಲ. ತೋಟ ನಮ್ಮ ನೆಲದಲ್ಲಿ, ಕೂಲಿ ನಮ್ಮ ಜನರದು, ಬಟ್ಟಲು ಮಾತ್ರ ಇಂಗ್ಲೆಂಡಿನದು. ಆದ್ದರಿಂದ ಅದನ್ನು ತಯಾರಿಸುವ ಕ್ರಮವೂ ಇಂಗ್ಲಿಷರ ಬಟ್ಟಲಿಗೆ ತಕ್ಕಂತೆಯೇ ಇತ್ತು. ಕೊಯ್ದ ಎಲೆಯನ್ನು ಬಾಡಿಸಿ, ಉರುಳುವ ಯಂತ್ರದಲ್ಲಿ ಹೊಸೆದು, ಗಾಳಿಗೆ ಹರಡಿ ಕೆಂಪಾಗಲು ಬಿಟ್ಟು, ಆಮೇಲೆ ಬಿಸಿಗಾಳಿಯಲ್ಲಿ ಒಣಗಿಸುತ್ತಿದ್ದರು. ಚಹಾ ವ್ಯವಹಾರದಲ್ಲಿ ಇದಕ್ಕೆ ಇಂದಿಗೂ 'ಆರ್ಥೊಡಾಕ್ಸ್' ಎಂದೇ ಹೆಸರು. ಹೀಗೆ ಹೊಸೆದ ಎಲೆಯು ಒಣಗಿದ ಮೇಲೆ ತಿರುಚಿದ ದಾರದ ತುಂಡಿನಂತೆ ಕಾಣುತ್ತದೆ. ಬಿಸಿನೀರಿಗೆ ಬಿದ್ದಾಗ ಮೆಲ್ಲಗೆ ಬಿಚ್ಚಿಕೊಂಡು ಮತ್ತೆ ಎಲೆಯಾಗುತ್ತದೆ.

ಈ ಎಲೆಗಾಗಿ ರೂಪುಗೊಂಡದ್ದೇ ಪಿಂಗಾಣಿ ಕುಂಡದ ಪದ್ಧತಿ. ಕುಂಡವನ್ನು ಮೊದಲೇ ಬಿಸಿ ಮಾಡಿಕೊಳ್ಳುವುದು, ತಲೆಗೊಂದು ಚಮಚ ಎಲೆ ಹಾಕಿ ಕುಂಡಕ್ಕೆಂದು ಇನ್ನೊಂದು ಚಮಚ ಸೇರಿಸುವುದು, ಆಗಷ್ಟೇ ಕುದಿದ ನೀರನ್ನು ಹೊಯ್ದು ಮುಚ್ಚುವುದು, ಐದು ನಿಮಿಷ ಕಾಯುವುದು, ಬಟ್ಟಲಿಗೆ ಬಗ್ಗಿಸಿ ಹಾಲು ಸಕ್ಕರೆಗಳನ್ನು ಬೆರೆಸಿಕೊಳ್ಳುವುದು. ಎಲೆಯನ್ನು ಒಲೆಯ ಮೇಲೆ ಕುದಿಸುವ ಮಾತೇ ಇಲ್ಲಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ತೋಟಗಳು ಬೇಡಿಕೆಯನ್ನು ಮೀರಿ ಬೆಳೆದವು, ಬೆಲೆ ಕುಸಿಯಿತು. ತೋಟದ ಮಾಲೀಕರೇ ಕೇಳಿಕೊಂಡದ್ದರಿಂದ ಸರ್ಕಾರವು 1903ರಲ್ಲಿ ರಫ್ತಾಗುವ ಚಹಾದ ಮೇಲೆ ಒಂದು ಸಣ್ಣ ಕರ ವಿಧಿಸಿ, ಆ ಹಣವನ್ನು ಪ್ರಚಾರಕ್ಕೆ ಬಳಸಲು 'ಟೀ ಸೆಸ್ ಕಮಿಟಿ'ಯನ್ನು ರಚಿಸಿತು. ಮೊದಲು ಅದರ ದೃಷ್ಟಿ ಹೆಚ್ಚಾಗಿ ಹೊರದೇಶಗಳ ಮೇಲಿತ್ತು. ಕ್ರಮೇಣ, ಮನೆಯಂಗಳದಲ್ಲಿಯೇ ಕೋಟಿಗಟ್ಟಲೆ ಜನ ಚಹಾ ಕುಡಿಯದೆ ಇದ್ದಾರೆಂಬುದು ಅದಕ್ಕೆ ಹೊಳೆಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆ, ಗಣಿ, ಬಟ್ಟೆಗಿರಣಿಗಳಲ್ಲಿ ಚಹಾದ ಮಳಿಗೆಗಳು ತಲೆಯೆತ್ತಿದವು. ರೈಲ್ವೆ ಜಂಕ್ಷನ್ನುಗಳಲ್ಲಿ ಸಣ್ಣ ಗುತ್ತಿಗೆದಾರರಿಗೆ ಕೆಟಲು, ಬಟ್ಟಲು, ಚಹಾ ಪೊಟ್ಟಣಗಳನ್ನು ಕೊಟ್ಟು ಮಾರಾಟಕ್ಕೆ ನಿಲ್ಲಿಸಿದರು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಈ ಪ್ರಚಾರ ಇನ್ನೂ ಬಿರುಸಾಯಿತು. ಪ್ರಾತ್ಯಕ್ಷಿಕೆ ಮಾಡುವವರು ಊರೂರು ತಿರುಗಿದರು. ದೇಶಭಾಷೆಗಳಲ್ಲಿ ಚಿತ್ರಸಹಿತ ಫಲಕಗಳು ನಿಲ್ದಾಣಗಳಲ್ಲಿ ಕಾಣಿಸಿಕೊಂಡವು. ಅವು ಸಾರುತ್ತಿದ್ದುದು ಮೇಲೆ ಹೇಳಿದ ಕುಂಡದ ಪದ್ಧತಿಯನ್ನೇ.

ಇಲ್ಲಿಯೇ ಸ್ವಾರಸ್ಯವಿರುವುದು. ಯೂರೋಪಿಯನ್ ಉಪದೇಶಕರು ಪಕ್ಕದಲ್ಲಿ ನಿಂತು ಕಲಿಸಿದರೂ ನಮ್ಮ ಚಹಾದವರು ಅದನ್ನು ಪಾಲಿಸಲಿಲ್ಲ. ಅವರು ತಮ್ಮದೇ ರೀತಿಯಲ್ಲಿ ಧಾರಾಳವಾಗಿ ಹಾಲು ಸಕ್ಕರೆ ಸುರಿದರು, ಕೆಲವೆಡೆ ಮಸಾಲೆಯನ್ನೂ ಹಾಕಿ ಕುದಿಸಿದರು. ಉಪದೇಶಕರಿಗೆ ಇದು ಅನಾಚಾರವೆಂದೇ ಕಂಡಿತು. ಮಸಾಲೆ ಹಾಕುವವರ ಮೇಲೆ ಅವರಿಗೆ ಇನ್ನೊಂದು ಸಿಟ್ಟಿತ್ತು: ಶುಂಠಿ ಏಲಕ್ಕಿಗಳು ರುಚಿ ಕೊಟ್ಟುಬಿಟ್ಟರೆ ಎಲೆ ಕಡಿಮೆ ಸಾಕಾಗುತ್ತದೆ, ಎಲೆಯ ಮಾರಾಟ ಕುಗ್ಗುತ್ತದೆ!

ಈ ಜಗಳದಲ್ಲಿ ಸರಿ ಯಾರದು? ಶಾಲೆಯಲ್ಲಿ ಇತಿಹಾಸ ಬೋಧಿಸುತ್ತಿದ್ದಾಗ ನಾನು ಮಕ್ಕಳಿಗೆ ಹೇಳುತ್ತಿದ್ದೆ, ಜನರು ದೀರ್ಘಕಾಲ ಒಂದು ಉಪದೇಶವನ್ನು ಕೇಳದಿದ್ದರೆ ಅವರ ಕೈಯಲ್ಲಿ ಇದ್ದುದೇನು ಎಂಬುದನ್ನು ನೋಡಿ ಎಂದು. ಲಂಡನ್ನಿಗೆ ಹೋಗುತ್ತಿದ್ದುದು ಒಳ್ಳೆಯ ಎಲೆ. ನಮ್ಮ ಬೀದಿಯ ಮಾರಾಟಗಾರನಿಗೆ ಎಟುಕುತ್ತಿದ್ದುದು ಜರಡಿಯ ತಳದಲ್ಲಿ ಉಳಿದ ನುಚ್ಚು ಮತ್ತು ಹುಡಿ, ಅಂದರೆ ಇಂದಿಗೂ ಅಂಗಡಿಯಲ್ಲಿ 'ಡಸ್ಟ್' ಎಂದು ಕೇಳುವ ಸರಕು. ಹುಡಿಯಿಂದ ಸಾರ ಬಲು ಬೇಗ ಇಳಿಯುತ್ತದೆ, ಅದರೊಡನೆ ಒಗರೂ ಇಳಿಯುತ್ತದೆ. ಅಂಥ ಸರಕನ್ನು ಐದು ನಿಮಿಷ ಕುಂಡದಲ್ಲಿ ನೆನೆಸಿ, ಮೇಲೆ ಒಂದು ಚಮಚ ಹಾಲು ಹಾಕಿದರೆ ಬಾಯಿ ಹಿಂಡುತ್ತದೆ. ಅದನ್ನು ಪಳಗಿಸಲು ಬೇಕಾದದ್ದು ಹೆಚ್ಚು ಹಾಲು. ಹೆಚ್ಚು ಹಾಲು ಬೆರೆತರೆ ಚಹಾ ತಣ್ಣಗಾಗುತ್ತದೆ, ಆದ್ದರಿಂದ ಅದನ್ನೂ ಒಟ್ಟಿಗೇ ಕುದಿಸಬೇಕು. ತಲೆಗೊಂದು ಚಮಚದ ಲೆಕ್ಕ ಬಡವನ ಕೆಟಲಿಗೆ ಹೊರೆ, ಇದ್ದ ಅಲ್ಪ ಎಲೆಯಿಂದ ಕೊನೆಯ ಹನಿ ಸಾರವನ್ನೂ ಇಳಿಸಬೇಕಾದರೆ ಕುದಿಸುವುದೇ ದಾರಿ. ನಮ್ಮವರು ಅಜ್ಞಾನದಿಂದ ಕುದಿಸಿದರೆಂದು ನನಗೆ ತೋರುವುದಿಲ್ಲ. ಕೈಗೆ ಸಿಕ್ಕ ಎಲೆಗೆ ತಕ್ಕ ಪಾಕವನ್ನು ಅವರು ಕಂಡುಕೊಂಡರು.

ಆಮೇಲೆ ಯಂತ್ರವೊಂದು ಬಂದು ಅವರ ಪಕ್ಷವನ್ನೇ ಗೆಲ್ಲಿಸಿತು. 1930ರಲ್ಲಿ ಅಸ್ಸಾಮಿನ ಅಮ್‌ಗೂರಿ ತೋಟದಲ್ಲಿ ವಿಲಿಯಂ ಮೆಕರ್ಚರ್ ಎಂಬಾತನು ಹಲ್ಲುಗಳುಳ್ಳ ಎರಡು ಉಕ್ಕಿನ ಉರುಳೆಗಳನ್ನು ಎದುರುಬದುರಾಗಿ ಜೋಡಿಸಿದನು. ಒಂದು ನಿಧಾನವಾಗಿ, ಇನ್ನೊಂದು ಅದರ ಸುಮಾರು ಹತ್ತು ಪಟ್ಟು ವೇಗದಲ್ಲಿ ತಿರುಗುತ್ತದೆ. ನಡುವೆ ಸಿಕ್ಕ ಬಾಡಿದ ಎಲೆ ಜಜ್ಜಿ, ಹರಿದು, ಸುರುಳಿಯಾಗಿ ಹೊರಬರುತ್ತದೆ. ಈ ಮೂರು ಕ್ರಿಯೆಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಸಿ.ಟಿ.ಸಿ. ನಮ್ಮ ಅಡುಗೆಮನೆಯ ಡಬ್ಬಿಯಲ್ಲಿ ಸಾಸಿವೆಯ ಹಾಗೆ ದುಂಡಗೆ, ಕಪ್ಪಗೆ ಇರುವ ಕಾಳುಗಳು ಇವೇ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಈ ವಿಧಾನವು ದೇಶವನ್ನೆಲ್ಲ ವ್ಯಾಪಿಸಿತು. ಇಂದು ಭಾರತದಲ್ಲಿ ತಯಾರಾಗುವ ಚಹಾದ ಹತ್ತರಲ್ಲಿ ಎಂಟು ಪಾಲಿಗೂ ಹೆಚ್ಚು ಸಿ.ಟಿ.ಸಿ.ಯೇ. ನಮ್ಮ ನೆರೆಯ ನೀಲಗಿರಿಯಲ್ಲಿ, ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಬಡಗರು ಬೆಳೆದ ಎಲೆಯೂ ಬಹುಪಾಲು ಹೀಗೆಯೇ ಕಾಳಾಗಿ, ಹುಡಿಯಾಗಿ ನಮ್ಮ ಅಂಗಡಿಗಳಿಗೆ ಬರುತ್ತದೆ.

ಜಜ್ಜಿದರೆ ಆಗುವ ವ್ಯತ್ಯಾಸವೇನು? ಹಸಿ ಎಲೆಯ ಜೀವಕೋಶದಲ್ಲಿ ಕೆಟೆಚಿನ್ ಎಂಬ ಬಣ್ಣವಿಲ್ಲದ ಪಾಲಿಫಿನಾಲುಗಳು ಒಂದು ಕೋಣೆಯಲ್ಲಿ, ಅವುಗಳನ್ನು ಬದಲಾಯಿಸುವ ಕಿಣ್ವ ಇನ್ನೊಂದು ಕೋಣೆಯಲ್ಲಿ ಇರುತ್ತವೆ. ಗೋಡೆ ಒಡೆದಾಗ ಎರಡೂ ಬೆರೆತು, ಗಾಳಿಯ ಆಮ್ಲಜನಕದ ನೆರವಿನಿಂದ ಹೊಸ ದ್ರವ್ಯಗಳಾಗುತ್ತವೆ. ಕತ್ತರಿಸಿದ ಬದನೆಕಾಯಿ ಕಪ್ಪಾಗುವುದು ಇದೇ ರೀತಿಯಲ್ಲಿ. ಈ ಹೊಸ ದ್ರವ್ಯಗಳಲ್ಲಿ ಎರಡು ಗುಂಪುಗಳನ್ನು 1950ರ ದಶಕದಲ್ಲಿ ರಾಬರ್ಟ್ಸ್ ಎಂಬ ರಸಾಯನಶಾಸ್ತ್ರಜ್ಞರು ಗುರುತಿಸಿ ಹೆಸರಿಟ್ಟರು. ಹೊಂಬಣ್ಣದ ಥಿಯಾಫ್ಲೇವಿನ್ ಚಹಾಕ್ಕೆ ಹೊಳಪನ್ನೂ ನಾಲಗೆಯನ್ನು ಚುರುಕುಗೊಳಿಸುವ ಗುಣವನ್ನೂ ಕೊಡುತ್ತದೆ. ಕೆಂಗಂದು ಬಣ್ಣದ ಥಿಯಾರುಬಿಜಿನ್ ಗಾಢತೆಯನ್ನು ಕೊಡುತ್ತದೆ. ಸಿ.ಟಿ.ಸಿ. ಯಂತ್ರದಲ್ಲಿ ಜೀವಕೋಶಗಳೆಲ್ಲ ಹರಿದುಹೋಗುವುದರಿಂದ ಈ ಪರಿವರ್ತನೆ ಬೇಗನೆ, ಹೆಚ್ಚಾಗಿ ಆಗುತ್ತದೆ. ಬಣ್ಣ, ಗಡಸುತನ, ಚುರುಕು ಎಲ್ಲವೂ ಹೆಚ್ಚು. ನವಿರಾದ ಪರಿಮಳ ಕಡಿಮೆ. ಇದು ಹಾಲಿಗೆಂದೇ ಹುಟ್ಟಿದ ಚಹಾ ಎಂದರೂ ತಪ್ಪಲ್ಲ.

ಡಾರ್ಜಿಲಿಂಗಿನ ಎಲೆ ಇದಕ್ಕೆ ವಿರುದ್ಧ. ಅಲ್ಲಿ ಹೆಚ್ಚಾಗಿ ಬೆಳೆಯುವುದು ಸಣ್ಣೆಲೆಯ ಚೀನಾ ತಳಿ. ಅದರಲ್ಲಿಯೂ ವಸಂತದ ಮೊದಲ ಕೊಯ್ಲನ್ನು ಬಹಳ ಬಾಡಿಸಿ, ಅರ್ಧಂಬರ್ಧ ಮಾತ್ರ ಕೆಂಪಾಗಲು ಬಿಡುತ್ತಾರೆ. ಎಲೆಯಲ್ಲಿ ಹಸಿರಿನ ಛಾಯೆ ಉಳಿದೇ ಇರುತ್ತದೆ. ಅಂದರೆ ಬದಲಾಗದ ಕೆಟೆಚಿನ್ ಸಾಕಷ್ಟು ಉಳಿದಿರುತ್ತದೆ. ಕೆಟೆಚಿನ್‌ಗಳದು ಒಗರೂ ಹೌದು, ಕಹಿಯೂ ಹೌದು. ಮೂರು ನಿಮಿಷ ನೆನೆದಾಗ ಹಿತವಾಗಿರುವ ಈ ಎಲೆಯನ್ನು ಒಲೆಯ ಮೇಲೆ ಐದಾರು ನಿಮಿಷ ಕುದಿಸಿದರೆ ಅವೆಲ್ಲವೂ ನೀರಿಗಿಳಿಯುತ್ತವೆ. ಹಣ ಕೊಟ್ಟು ಕೊಂಡ ಪರಿಮಳ ಉಗಿಯೊಡನೆ ಅಡುಗೆಮನೆಯನ್ನೆಲ್ಲ ಸುತ್ತಿ ಕಿಟಕಿಯಿಂದ ಹೊರಗೆ ಹೋಗುತ್ತದೆ. ಹಾಲು ಒಗರನ್ನು ಸ್ವಲ್ಪ ಮುಚ್ಚಿತು, ಆದರೆ ಆ ತೆಳುವಾದ ರುಚಿಯನ್ನೂ ಅದೇ ಮುಚ್ಚಿತು, ಕಹಿ ಮಾತ್ರ ಉಳಿಯಿತು. ನನ್ನ ತಂಗಿಯ ಮಗಳ ಬಟ್ಟಲಿನಲ್ಲಿ ಆದದ್ದು ಇದೇ.

ಕುದಿಸುವ ಕಾಲದ ವಿಷಯವನ್ನು ಮಾತಿನಲ್ಲಿ ಹೇಳುವುದಕ್ಕಿಂತ ಒಂದು ಪ್ರಯೋಗದಿಂದ ತಿಳಿಯುವುದು ಲೇಸು. ನಿವೃತ್ತನಿಗೆ ಸಮಯಕ್ಕೇನು ಬರ? ನಾನೇ ಮಾಡಿ ನೋಡಿದ್ದೇನೆ, ನೀವೂ ಮಾಡಬಹುದು. ನಾಲ್ಕು ಸಣ್ಣ ಪಾತ್ರೆಗಳಲ್ಲಿ ತಲಾ 200 ಮಿಲಿ ನೀರು ಕುದಿಸಿ, ಪ್ರತಿಯೊಂದಕ್ಕೂ ಸುಮಾರು 5 ಗ್ರಾಂ, ಎಂದರೆ ತಲೆತಟ್ಟಿದ ಎರಡು ಟೀ ಚಮಚ, ಸಿ.ಟಿ.ಸಿ. ಪುಡಿ ಹಾಕಬೇಕು. ಸಣ್ಣ ಉರಿಯಲ್ಲಿ ಒಂದನ್ನು 1 ನಿಮಿಷ, ಎರಡನೆಯದನ್ನು 3, ಮೂರನೆಯದನ್ನು 6, ನಾಲ್ಕನೆಯದನ್ನು 12 ನಿಮಿಷ ಕುದಿಸಿ ಸೋಸಬೇಕು. ಹೆಚ್ಚು ಕುದಿದಷ್ಟೂ ನೀರು ಆರಿಹೋಗುವುದರಿಂದ, ಸೋಸಿದ ಮೇಲೆ ಬಿಸಿನೀರು ಸೇರಿಸಿ ನಾಲ್ಕನ್ನೂ ಒಂದೇ ಮಟ್ಟಕ್ಕೆ ತರಬೇಕು. ಇದನ್ನು ಮರೆತರೆ ಪ್ರಯೋಗ ಕೆಟ್ಟಿತು, ಏಕೆಂದರೆ ಆಗ ನಾವು ಹೋಲಿಸುವುದು ಕುದಿತವನ್ನಲ್ಲ, ಬರೀ ಗಾಢತೆಯನ್ನು. ಬಳಿಕ ಪ್ರತಿಯೊಂದಕ್ಕೂ 100 ಮಿಲಿ ಬಿಸಿ ಹಾಲು.

ಒಂದು ನಿಮಿಷದ್ದು ತೆಳ್ಳಗೆ, ಹಾಲಿನ ವಾಸನೆಯೇ ಮುಂದಾಗಿ ಇರುತ್ತದೆ. ಇದು ಸಪ್ಪೆಯ ಮೊದಲ ಬಗೆ, ಸಾರ ಇಳಿಯದ ಸಪ್ಪೆ. ನನ್ನ ಹಳೆಯ ವಿದ್ಯಾರ್ಥಿಯ ಬಟ್ಟಲೂ ಇದೇ, ಅಲ್ಲಿ ಉರಿಯೂ ಇರಲಿಲ್ಲ, ಮೇಲೆ ತಣ್ಣನೆಯ ಹಾಲು ಬೇರೆ. ಮೂರು ನಿಮಿಷದ್ದು ಇಟ್ಟಿಗೆಗೆಂಪಿಗೆ ಹೊಳಪು ಬೆರೆತ ಬಣ್ಣ. ಕುಡಿದಾಗ ನಾಲಗೆಯ ಅಂಚುಗಳು ಎಚ್ಚರಗೊಳ್ಳುತ್ತವೆ. ಆರು ನಿಮಿಷದ್ದು ಇನ್ನೂ ಗಾಢ, ಬಾಯಿ ಒಣಗಿಸುವ ಒಗರು ಆರಂಭ, ಪರಿಮಳ ಇಳಿಮುಖ. ಹನ್ನೆರಡು ನಿಮಿಷದ್ದರಲ್ಲಿ ಒಂದು ವಿಚಿತ್ರ ಕಾಣುತ್ತದೆ: ಅದು ಒಗರಾಗಿಯೂ ಇರುತ್ತದೆ, ಸಪ್ಪೆಯಾಗಿಯೂ ಇರುತ್ತದೆ. ಬಣ್ಣ ಮಂಕಾಗಿ ಬೂದಿಗಂದಿನತ್ತ ಹೊರಳಿರುತ್ತದೆ. ಕಾರಣವಿಷ್ಟೆ. ಕೆಫೀನಿನ ಹೆಚ್ಚಿನ ಪಾಲು ಮೊದಲ ಕೆಲವೇ ನಿಮಿಷಗಳಲ್ಲಿ ನೀರಿಗೆ ಇಳಿದುಬಿಡುತ್ತದೆ. ಗಾಢ ಬಣ್ಣದ ಒಗರು ದ್ರವ್ಯಗಳು ಅದರ ಹಿಂದೆ ನಿಧಾನವಾಗಿ ಬರುತ್ತಲೇ ಇರುತ್ತವೆ. ಅತ್ತ ಪರಿಮಳ ಉಗಿಯಲ್ಲಿ ಹಾರುತ್ತದೆ, ಹೊಳಪು ಕೊಡುವ ಥಿಯಾಫ್ಲೇವಿನ್ ಕುದಿತಕ್ಕೆ ಒಡೆದು ಮಂಕು ಕಂದು ದ್ರವ್ಯವಾಗುತ್ತದೆ. ಕೆಲವು ಹೋಟೆಲುಗಳಲ್ಲಿ ಬೆಳಗಿನ ಚರಟದ ಮೇಲೆಯೇ ಚಿಟಿಕೆ ಹೊಸ ಪುಡಿ ಉದುರಿಸಿ ಸಂಜೆಯವರೆಗೆ ಕುದಿಸುವ ಡಿಕಾಕ್ಷನ್‌ಗೆ ಆಗುವ ಗತಿಯೂ ಇದೇ. ಬಣ್ಣ ಮೋಸ ಮಾಡುತ್ತದೆ. ಚರಟದಲ್ಲಿ ಬಣ್ಣ ಉಳಿದಿರುತ್ತದೆ, ಚುರುಕು ಉಳಿದಿರುವುದಿಲ್ಲ.

ಇನ್ನು ಹಾಲನ್ನು ಯಾವಾಗ ಹಾಕಬೇಕೆಂಬ ಪ್ರಶ್ನೆ. ಇಂಗ್ಲೆಂಡಿನಲ್ಲಿ ಇದು ಮನೆಮುರುಕ ವಿವಾದ. ನಮ್ಮ ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಹುಟ್ಟಿದ ಲೇಖಕ ಜಾರ್ಜ್ ಆರ್ವೆಲ್ 1946ರ ಜನವರಿಯಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಒಳ್ಳೆಯ ಚಹಾಕ್ಕೆ ಹನ್ನೊಂದು ನಿಯಮಗಳನ್ನು ಬರೆದರು. ಬಟ್ಟಲಿಗೆ ಚಹಾವೇ ಮೊದಲು, ಹಾಲು ಆಮೇಲೆ ಎಂಬುದು ಅವರ ಪಟ್ಟು. ಹಾಗಾದರೆ ಹಾಲಿನ ಪ್ರಮಾಣ ಕೈ ಮೀರುವುದಿಲ್ಲ ಎಂಬುದು ವಾದ. ಅವರ ಜನ್ಮಶತಾಬ್ದಿಯ ವರ್ಷವಾದ 2003ರಲ್ಲಿ ಅಲ್ಲಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ಇದಕ್ಕೆ ಎದುರಾಗಿ, ಹಾಲೇ ಮೊದಲು ಎಂದಿತು. ಬಿಸಿ ಚಹಾದೊಳಕ್ಕೆ ಹನಿಹನಿಯಾಗಿ ಬೀಳುವ ತಣ್ಣನೆಯ ಹಾಲು ಒಮ್ಮೆಲೇ ಅತಿ ಬಿಸಿಗೆ ಸಿಕ್ಕಿ ಅದರ ಪ್ರೋಟೀನುಗಳು ರೂಪಗೆಡುತ್ತವೆ, ಸುಮಾರು 75 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲೆ ಇದು ನಡೆಯುತ್ತದೆ, ಬೆಂದ ಹಾಲಿನ ರುಚಿ ಬರುತ್ತದೆ ಎಂಬುದು ಅವರ ಕಾರಣ.

ಈ ವಿವಾದವನ್ನು ನಮ್ಮ ಅಡುಗೆಮನೆಗೆ ತರುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ನಮ್ಮಲ್ಲಿ ಹಾಲು ಮನೆಗೆ ಬಂದ ಕೂಡಲೇ ಉಕ್ಕಿಸಿ ಇಡುತ್ತೇವೆ, ಸಂಜೆ ಮತ್ತೊಮ್ಮೆ ಕಾಯಿಸುತ್ತೇವೆ. ರೂಪಗೆಡಬೇಕಾದ ಪ್ರೋಟೀನುಗಳು ಆಗಲೇ ರೂಪಗೆಟ್ಟಾಗಿದೆ, ಬೆಂದ ಹಾಲಿನ ರುಚಿಯೇ ನಮಗೆ ಹಾಲಿನ ರುಚಿ. ಒಗರನ್ನು ಹಿಡಿಯುವ ಮುಖ್ಯ ಪ್ರೋಟೀನಾದ ಕೇಸೀನ್ ಕುದಿತಕ್ಕೆ ಜಗ್ಗುವಂಥದಲ್ಲ. ಆದ್ದರಿಂದ ನಮಗೆ ಬೇಕಾದ ಪ್ರಶ್ನೆ ಬೇರೆ: ಎಲೆಯ ಸಾರ ಇಳಿಯುವ ಮುಂಚೆ ಹಾಲು ಹಾಕಬೇಕೋ, ಇಳಿದ ಮೇಲೋ?

ಇಳಿದ ಮೇಲೆ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಬರಿಯ ನೀರು ಎಲೆಯಿಂದ ಸಾರವನ್ನು ಸೆಳೆಯುವಷ್ಟು ಚೆನ್ನಾಗಿ ಹಾಲು ಬೆರೆತ ನೀರು ಸೆಳೆಯುವುದಿಲ್ಲ. ಮೇಲಾಗಿ ಹಾಲು ಹಾಕಿದ ಮೇಲೆ ಬಣ್ಣ ನೋಡಿ ಸಾರವನ್ನು ಅಳೆಯುವ ಉಪಾಯವೂ ತಪ್ಪುತ್ತದೆ. ಬಣ್ಣ ಬರಲಿಲ್ಲವೆಂದು ಇನ್ನಷ್ಟು ಕುದಿಸುತ್ತೇವೆ, ಪುಡಿ ಹೆಚ್ಚಿಸುತ್ತೇವೆ. ಕೊನೆಗೆ ಕಹಿ, ಒಗರು, ಮಂಕು ಮೂರೂ ಸೇರುತ್ತವೆ. ಮೊದಲಿನಿಂದಲೇ ಹಾಲು ಬೆರೆಸಿ ಕುದಿಸಿದ ಚಹಾ ಬಾಸುಂದಿಯಂತೆ ದಪ್ಪಗೆ ಇರಬಹುದು. ಅದು ಹಾಲಿನ ರುಚಿ, ಎಲೆಯದಲ್ಲ. ಮದುವೆಮನೆಯ ಚಹಾ ಹಾಗಿರುವುದಕ್ಕೆ ನನ್ನ ಆಕ್ಷೇಪಣೆಯಿಲ್ಲ, ಅದನ್ನು ದಿನವೂ ಮಾಡಿ ಸಪ್ಪೆಯೆಂದು ದೂರುವುದಕ್ಕೆ ಆಕ್ಷೇಪಣೆಯಿದೆ.

ಹಾಗಾದರೆ ಇಬ್ಬರಿಗೆ ಸಿ.ಟಿ.ಸಿ. ಚಹಾ ಹೀಗೆ: 200 ಮಿಲಿ ನೀರು ಮರಳುವಾಗ ಎರಡು ಚಮಚ ಪುಡಿ ಹಾಕಿ, ಸಣ್ಣ ಉರಿಯಲ್ಲಿ ಎರಡೂವರೆಯಿಂದ ಮೂರು ನಿಮಿಷ. ಬಳಿಕ ಬೇರೆಯಾಗಿ ಬಿಸಿ ಮಾಡಿಟ್ಟ 100 ಮಿಲಿ ಹಾಲು. ಒಂದೇ ಒಂದು ಉಕ್ಕು ಬಂದೊಡನೆ ಇಳಿಸಿ ಕೂಡಲೇ ಸೋಸುವುದು. ಹುಡಿಚಹಾ ಆದರೆ ಪುಡಿಯನ್ನೂ ಕಾಲವನ್ನೂ ತಗ್ಗಿಸಿ, ಒಂದೂವರೆ ನಿಮಿಷ ಧಾರಾಳ. ಶುಂಠಿ ಹಾಕುವುದಾದರೆ ಜಜ್ಜಿ ಪುಡಿಗಿಂತಲೂ ಮೊದಲೇ ನೀರಿನಲ್ಲಿ ಕುದಿಸಿಕೊಳ್ಳಿ. ಹಸಿ ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಕಿಣ್ವವೊಂದಿದೆ, ಕುದಿದಾಗ ಅದು ಸಾಯುತ್ತದೆ. ಹಾಲು ಹಾಕಿದ ಮೇಲೆ ಹಸಿಶುಂಠಿ ಹಾಕಿದ ಚಹಾ ಒಮ್ಮೊಮ್ಮೆ ಒಡೆಯುವುದು ಈ ಕಾರಣದಿಂದ.

ಡಾರ್ಜಿಲಿಂಗಿನಂಥ ಎಲೆಗೆ ಒಲೆಯ ಕೆಲಸ ನೀರು ಕುದಿಯುವವರೆಗೆ ಮಾತ್ರ. ಒಂದು ಬಟ್ಟಲಿಗೆ, ಅಂದರೆ 150 ಮಿಲಿ ನೀರಿಗೆ, ಎರಡೂವರೆ ಮೂರು ಗ್ರಾಂ ಎಲೆ ಸಾಕು. ಉರಿ ಆರಿಸಿ, ಕುದಿತ ನಿಂತ ಮೇಲೆ ಎಲೆ ಹಾಕಿ ಮುಚ್ಚಿಡಿ. ಮೂರು ನಿಮಿಷಕ್ಕೆ ಸೋಸಿ. ಹಾಲು ಬೇಡ. ಬೇಕೇ ಬೇಕೆಂದರೆ ಸೋಸಿದ ಮೇಲೆ ಒಂದು ಚಮಚ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1980ರಲ್ಲಿ ಚಹಾ ತಯಾರಿಕೆಗೆ ಒಂದು ಮಾನಕವನ್ನೇ ಹೊರಡಿಸಿ, 100 ಮಿಲಿ ನೀರಿಗೆ 2 ಗ್ರಾಂ ಎಲೆ, ಆರು ನಿಮಿಷ ಎಂದು ವಿಧಿಸಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಅದು ರುಚಿ ನೋಡುವ ಪರೀಕ್ಷಕರಿಗಾಗಿ ಇರುವ ವಿಧಿ. ಎಲೆಯ ದೋಷಗಳೆಲ್ಲ ಎದ್ದು ಕಾಣಲೆಂದೇ ಅಷ್ಟು ಹೊತ್ತು ನೆನೆಸುತ್ತಾರೆ, ಕುಡಿದು ಸಂತೋಷಪಡಲು ಅಲ್ಲ.

ಟ್ಯಾನಿನ್ ಎಂದೊಡನೆ ನಮ್ಮ ತಲೆಮಾರಿನವರಿಗೆ ಗಾಂಧೀಜಿಯವರ ನೆನಪಾಗುತ್ತದೆ. 1942ರಲ್ಲಿ ಆಗಾ ಖಾನ್ ಅರಮನೆಯಲ್ಲಿ ಬಂಧಿಯಾಗಿದ್ದಾಗ ಆರೋಗ್ಯದ ಕುರಿತು ಬರೆದ ಕಿರುಪುಸ್ತಕದಲ್ಲಿ ಅವರು ಚಹಾವನ್ನು ವಿರೋಧಿಸಿದ್ದಾರೆ. ಆದರೆ ಎಲ್ಲ ಚಹಾವನ್ನೂ ಒಂದೇ ತಕ್ಕಡಿಗೆ ಹಾಕಿಲ್ಲ. ಜಾಲರಿಯಲ್ಲಿ ಎಲೆಯಿಟ್ಟು ಮೇಲೆ ಕುದಿನೀರು ಹೊಯ್ದು, ಹುಲ್ಲಿನ ಬಣ್ಣಕ್ಕೆ ಇಳಿಸಿಕೊಂಡದ್ದು ನಿರಪಾಯಕರ, ಕುದಿಸಿ ಟ್ಯಾನಿನ್ ಇಳಿಸಿದ್ದು ಅಪಾಯಕರ ಎಂಬುದು ಅವರ ನಿಲುವು. ಚರ್ಮ ಹದಮಾಡಲು ಬಳಸುವ ಟ್ಯಾನಿನ್ ಹೊಟ್ಟೆಯ ಒಳಪದರವನ್ನೂ ಗಡುಸಾಗಿಸುತ್ತದೆಂದು ಅವರು ನಂಬಿದ್ದರು. ಚಹಾದ ಪಾಲಿಫಿನಾಲುಗಳು ಚರ್ಮದ ಕಾರ್ಖಾನೆಯ ಟ್ಯಾನಿನ್ನಿನಂಥವಲ್ಲ ಎಂಬುದು ಇಂದು ಗೊತ್ತಿರುವುದರಿಂದ ಆ ಹೆದರಿಕೆ ಬೇಕಿಲ್ಲ. ಆದರೆ ಊಟದ ಜೊತೆಯಲ್ಲೇ ಕಡು ಚಹಾ ಕುಡಿದರೆ ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ ಎಂಬುದು ಸಿದ್ಧಪಟ್ಟ ವಿಷಯ. ರಕ್ತಹೀನತೆಯಿರುವ ಹೆಣ್ಣುಮಕ್ಕಳು ಊಟಕ್ಕೂ ಚಹಾಕ್ಕೂ ಒಂದು ಗಂಟೆಯ ಅಂತರವಿಡುವುದು ಒಳ್ಳೆಯದು.

ಪಾಕ ಸರಿಯಿದ್ದೂ ಚಹಾ ಸಪ್ಪೆಯಾದರೆ ತಪ್ಪು ಡಬ್ಬಿಯಲ್ಲಿರಬಹುದು. ಕಾರ್ಖಾನೆಯಲ್ಲಿ ಎಲೆಯನ್ನು ನೂರಕ್ಕೆ ಮೂರು ಪಾಲಿನಷ್ಟು ತೇವ ಉಳಿಯುವವರೆಗೆ ಒಣಗಿಸುತ್ತಾರೆ. ಸಡಿಲ ಮುಚ್ಚಳದ ಡಬ್ಬಿಯಲ್ಲಿ, ಒಲೆಯ ಪಕ್ಕದ ಉಗಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಅದು ತೇವವನ್ನು ಹೀರಿಕೊಂಡು ಅದರ ಎರಡು ಪಟ್ಟು ಮೀರಿತೆಂದರೆ ಚುರುಕು ಹೋಯಿತು. ಒಳ್ಳೆಯ ಸಿ.ಟಿ.ಸಿ. ಕಾಳು ಬೆರಳುಗಳ ನಡುವೆ ಗರಿಗರಿಯಾಗಿ ಮುರಿಯಬೇಕು. ಮೆತ್ತಗೆ ಬಾಗಿದರೆ ಎಷ್ಟು ಕುದಿಸಿದರೂ ಬರುವುದು ಬಣ್ಣ ಮಾತ್ರ. ಕೊಳವೆಬಾವಿಯ ಗಡಸು ನೀರಿನ ಊರುಗಳಲ್ಲಿ ಇನ್ನೊಂದು ಗುರುತು ಕಾಣುತ್ತದೆ, ಹಾಲಿಲ್ಲದ ಚಹಾದ ಮೇಲೆ ಕಂದು ಕೆನೆಯಂಥ ಪೊರೆ. ನೀರಿನ ಸುಣ್ಣದಂಶದೊಡನೆ ಚಹಾದ ದ್ರವ್ಯಗಳು ಗಾಳಿಯಲ್ಲಿ ಸೇರಿ ಆಗುವ ಪೊರೆಯದು. ಪಾತ್ರೆ ಕೊಳೆಯಾಗಿದೆಯೆಂದು ಸೊಸೆಯನ್ನು ಗದರುವ ಅಗತ್ಯವಿಲ್ಲ, ಸೋಸಿದ ಮೆದುನೀರು ಬಳಸಿದರೆ ಪೊರೆ ಮಾಯವಾಗುತ್ತದೆ.

ಕೊಂಡ ಪುಡಿಯಲ್ಲಿ ಸತ್ತ್ವವಿದೆಯೇ ಎಂದು ನೋಡಲು ಸುಲಭದ ಪರೀಕ್ಷೆಯೊಂದಿದೆ. ಹಾಲು ಹಾಕದ ಗಟ್ಟಿ ಡಿಕಾಕ್ಷನ್ನನ್ನು ಗಾಜಿನ ಲೋಟದಲ್ಲಿ ಪೂರ್ತಿ ತಣ್ಣಗಾಗಲು ಬಿಡಿ. ಒಳ್ಳೆಯ ಚಹಾ ಆರಿದಾಗ ಮಬ್ಬಾಗಿ, ಗೋಡಂಬಿ ಹಾಲು ಬೆರೆಸಿದಂತೆ ಕಾಣುತ್ತದೆ. ಅನೇಕರು ಇದನ್ನು ಕೆಟ್ಟಿತೆಂದು ಚೆಲ್ಲುತ್ತಾರೆ. ಕೆಫೀನೂ ಥಿಯಾಫ್ಲೇವಿನ್ನೂ ಸಾಕಷ್ಟಿದ್ದಾಗ ತಣ್ಣಗಿನ ನೀರಿನಲ್ಲಿ ಒಂದನ್ನೊಂದು ಹಿಡಿದು ಹೀಗೆ ಬೇರ್ಪಡುತ್ತವೆ. ಸತ್ತ್ವ ಕಡಿಮೆಯಿರುವ ಪುಡಿಯ ಡಿಕಾಕ್ಷನ್ ತಣ್ಣಗಾದರೂ ತಿಳಿಯಾಗಿಯೇ ಉಳಿಯುತ್ತದೆ. ಮಬ್ಬಾದ ಲೋಟವನ್ನು ಮತ್ತೆ ಬಿಸಿ ಮಾಡಿ ನೋಡಿ, ಹೊಳಪಿನ ಕೆಂಪು ಹಿಂದಿರುಗುತ್ತದೆ.